ಉಡುದಾರ ನಿಲ್ಲುವ ಜಾಗ

ನಮ್ಮ ಮನೆಯಲ್ಲಿ ಎಳೆಮಕ್ಕಳ ಮೈ ಅಳೆಯಲು ತಕ್ಕಡಿ ಇರಲಿಲ್ಲ, ಉಡುದಾರ ಇತ್ತು. ಎಣ್ಣೆ ಹಚ್ಚಿ ನೀರು ಹಾಕುವ ಮುಂಚೆ ಅಜ್ಜಿ ಉಡುದಾರದ ಕೆಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದಳು. ಬೆರಳು ಹೋಗದಿದ್ದರೆ ಗಂಟು ಬಿಚ್ಚಿ ಸಡಿಲಿಸುವುದು, ಮೂರು ಬೆರಳು ಹೋದರೆ ಮಗು ಸೊರಗಿದೆ ಎಂದು ಸೊಸೆಯನ್ನು ಗದರುವುದು. ಈಗ ಯೋಚಿಸಿದರೆ ಅದರಲ್ಲಿ ಎಷ್ಟೊಂದು ಶಿಸ್ತಿತ್ತು ಅನಿಸುತ್ತದೆ. ದಾರ ಅದೇ, ಬೆರಳು ಅದೇ, ಹೊತ್ತು ದಿನವೂ ಸ್ನಾನದ ಹೊತ್ತು, ಮೈಮೇಲೆ ಬಟ್ಟೆಯಿಲ್ಲ, ಅಳೆಯುವ ಜಾಗವೋ ದಾರ ತಾನಾಗಿ ಜಾರಿ ನಿಂತ ಜಾಗ. ಐದೂ ಬದಲಾಗದೆ ಇದ್ದದ್ದರಿಂದ, ಬದಲಾದದ್ದು ಮಗುವಿನ ಮೈ ಮಾತ್ರ.

ಈ ಐದರಲ್ಲಿ ಒಂದೂ ಇಲ್ಲದ ಅಳತೆಯೊಂದು ಕಳೆದ ವರ್ಷ ನಮ್ಮ ಭಾವನ ನಿದ್ದೆ ಕೆಡಿಸಿತು. ಭಾವ ಕಲಬುರಗಿಯವರು, ಮೂವತ್ತು ವರ್ಷದಿಂದ ಹೈದರಾಬಾದಿನ ಕಾಚಿಗುಡದಲ್ಲಿದ್ದಾರೆ. ಅವರ ಅಪಾರ್ಟ್‌ಮೆಂಟಿನಲ್ಲಿ ಒಂದು ಭಾನುವಾರ ಸಂಜೆ ಆರೋಗ್ಯ ಶಿಬಿರ ನಡೆಯಿತು. ಕೈಗೆ ಬಂದ ಕಾರ್ಡಿನಲ್ಲಿ ಸೊಂಟದ ಸುತ್ತಳತೆ 95 ಸೆಂಟಿಮೀಟರ್ ಎಂದು ಬರೆದು ಕೆಂಪು ಗೆರೆ ಎಳೆದಿದ್ದರು. ಭಾವ ಹಾಕುವುದು 34ರ ಪ್ಯಾಂಟು, ಅಂದರೆ ಸುಮಾರು 86 ಸೆಂಟಿಮೀಟರ್. ಮರುದಿನ ಬೆಳಿಗ್ಗೆ ಅಕ್ಕನ ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತೆಗೆದು ತಾವೇ ಅಳೆದುಕೊಂಡರು. 90 ಬಂತು. ನನಗೆ ಫೋನ್ ಬಂತು.

“ಏನಪಾ, ಸಂಜಿಕ್ ತೊಂಬತ್ತೈದು, ಮುಂಜಾನಿ ತೊಂಬತ್ತು. ಪ್ಯಾಂಟಿನ್ಯಾಗ ಎಂಬತ್ತಾರು. ಹೊಟ್ಟಿ ಒಂದೇ ಅದ, ಲೆಕ್ಕ ಮೂರು ಹ್ಯಾಂಗ?”

ಭಾರತೀಯ ಗಂಡಸರಿಗೆ ವೈದ್ಯರು ಹಾಕಿರುವ ಗೆರೆ 90 ಸೆಂಟಿಮೀಟರ್, ಹೆಂಗಸರಿಗೆ 80. ಭಾವನ ಮೂರು ಅಳತೆಗಳಲ್ಲಿ ಒಂದು ಗೆರೆಯ ಆಚೆ, ಒಂದು ಗೆರೆಯ ಮೇಲೆ, ಒಂದು ಈಚೆ. ಯಾವುದು ನಿಜ ಎಂಬುದಕ್ಕಿಂತ, ಪ್ರತಿಯೊಂದೂ ಏನನ್ನು ಅಳೆದಿತ್ತು ಎಂದು ಕೇಳಿದರೆ ಬೇಗ ಉತ್ತರ ಸಿಗುತ್ತದೆ.

ಪ್ಯಾಂಟಿನದು ಎಲ್ಲಕ್ಕಿಂತ ಸುಲಭ. ಹೊಟ್ಟೆ ಬಂದ ಗಂಡಸು ಪ್ಯಾಂಟನ್ನು ಹೊಟ್ಟೆಯ ಮೇಲೆ ಕಟ್ಟುವುದಿಲ್ಲ, ಹೊಟ್ಟೆಯ ಕೆಳಗೆ ಕಟ್ಟುತ್ತಾನೆ. ವರ್ಷಗಳು ಕಳೆದಂತೆ ಹೊಟ್ಟೆ ಮುಂದೆ ಬರುತ್ತದೆ, ಬೆಲ್ಟು ಕೆಳಗೆ ಇಳಿಯುತ್ತದೆ, ಬೆಲ್ಟಿನ ತೂತು ಮಾತ್ರ ಬದಲಾಗುವುದಿಲ್ಲ. ಕಾಲೇಜಿನಿಂದಲೂ ನನ್ನದು 34 ಎಂದು ಹೇಳಿಕೊಳ್ಳುವವರ ಗುಟ್ಟು ಇದೇ. ಟೈಲರಿಗೆ ಬೇಕಾದದ್ದು ಪ್ಯಾಂಟು ನಿಲ್ಲುವ ಜಾಗ, ವೈದ್ಯರಿಗೆ ಬೇಕಾದದ್ದು ಹೊಟ್ಟೆಯೊಳಗಿನ ಕೊಬ್ಬು ಇರುವ ಜಾಗ. ಎರಡಕ್ಕೂ ನಾವು ಸೊಂಟ ಎಂಬ ಒಂದೇ ಮಾತು ಬಳಸುತ್ತೇವೆ, ತಕರಾರು ಅಲ್ಲಿಂದಲೇ ಶುರು.

ವೈದ್ಯರಲ್ಲಾದರೂ ಆ ಜಾಗದ ಬಗ್ಗೆ ಒಮ್ಮತವಿದೆಯೇ ಎಂದರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಟೇಪು ಸುತ್ತಬೇಕಾದದ್ದು ಕೈಗೆ ಸಿಗುವ ಕಟ್ಟಕಡೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯವರು ಸೊಂಟದ ಮೂಳೆಯ ಮೇಲಂಚಿಗೆ ತಾಗಿಸಿ, ಅದರ ತುಸು ಮೇಲೆ ಸುತ್ತುತ್ತಾರೆ. ಇನ್ನು ಕೆಲವರಿಗೆ ಹೊಕ್ಕುಳ ಗುರುತು, ಕೆಲವರಿಗೆ ನಡು ಎಲ್ಲಿ ಅತಿ ಸಣ್ಣದೋ ಅದು. 2003ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪಕ್ಕೆಲುಬಿನ ಕೆಳಗೆ, ಅತಿ ಸಣ್ಣ ಜಾಗದಲ್ಲಿ, ಮಧ್ಯಬಿಂದುವಿನಲ್ಲಿ, ಸೊಂಟದ ಮೂಳೆಯ ಮೇಲೆ, ಹೀಗೆ ನಾಲ್ಕು ಕಡೆ ಅದೇ ಜನರನ್ನು ಅಳೆದು ನೋಡಿದರು. ಹೆಂಗಸರಲ್ಲಿ ನಾಲ್ಕೂ ಬೇರೆ ಬೇರೆ, ಅತಿ ಕಡಿಮೆ ಬಂದದ್ದು ನಡು ಸಣ್ಣಗಿರುವಲ್ಲಿ, ಅತಿ ಹೆಚ್ಚು ಸೊಂಟದ ಮೂಳೆಯ ಮೇಲೆ. ಗಂಡಸರಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ಗಂಡಸಿನ ಮುಂಡ ಹೆಚ್ಚುಕಡಿಮೆ ಕೊಳವೆಯಂತೆ, ಹೆಣ್ಣಿನದು ನಡುವೆ ಸಣ್ಣಗಾಗಿ ಕೆಳಗೆ ಅಗಲವಾಗುವ ಆಕಾರ. ಅಗಲವಾಗುವ ಕಡೆ ಟೇಪು ಎರಡು ಬೆರಳು ಕೆಳಗೆ ಜಾರಿದರೆ ಅಂಕಿಯೂ ಏರುತ್ತದೆ.

ಇದು ಬರಿಯ ಪಂಡಿತರ ಜಗಳವಲ್ಲ. 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಅದೇ ಹೆಂಗಸರ ಗುಂಪಿನಲ್ಲಿ ಹೊಟ್ಟೆಯ ಬೊಜ್ಜು ಇದೆ ಎಂದು ಲೆಕ್ಕಕ್ಕೆ ಸಿಕ್ಕವರು ಒಂದು ಜಾಗದ ಅಳತೆಯಲ್ಲಿ 31 ಶೇಕಡ, ಇನ್ನೊಂದು ಜಾಗದ ಅಳತೆಯಲ್ಲಿ 55 ಶೇಕಡ. ಒಬ್ಬರ ಮೈಯಲ್ಲೂ ಒಂದು ಗ್ರಾಂ ಕೊಬ್ಬು ಏರಲಿಲ್ಲ, ಇಳಿಯಲಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಯಾವ ಜಾಗದಲ್ಲಿ ಅಳೆದರೂ, ಸುತ್ತಳತೆ ಹೆಚ್ಚಿದವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚು ಎಂಬ ನಂಟು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ತಪ್ಪು ಆಗುವುದು ಒಂದು ಜಾಗದಲ್ಲಿ ಅಳೆದು ಇನ್ನೊಂದು ಜಾಗಕ್ಕೆಂದು ಹಾಕಿದ ಗೆರೆಯ ಪಕ್ಕ ಇಟ್ಟಾಗ, ಅಥವಾ ಜನವರಿಯಲ್ಲಿ ಹೊಕ್ಕುಳದ ಮೇಲೆ ಅಳೆದು ಜೂನಿನಲ್ಲಿ ಮಧ್ಯಬಿಂದುವಿನಲ್ಲಿ ಅಳೆದಾಗ.

ನಮ್ಮ ದೇಶದಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ, ಪಾಶ್ಚಾತ್ಯ ಪಠ್ಯಗಳಲ್ಲಿ ಅದರ ಮಾತೇ ಇರುವುದಿಲ್ಲ: ಸೀರೆ. ಒಳಲಂಗದ ಲಾಡಿ ಬಿಗಿಯುವುದು ಸೊಂಟದ ಮೂಳೆಯ ಮೇಲೆಯೇ, ಅಮೆರಿಕದ ಕ್ರಮದವರು ಟೇಪು ಇಡಬೇಕೆನ್ನುವ ಅದೇ ಗೆರೆಯ ಮೇಲೆ. ಹತ್ತಿಪ್ಪತ್ತು ವರ್ಷ ಲಾಡಿ ಬಿಗಿದ ಕಡೆ ಮೈಯಲ್ಲಿ ಒಂದು ಹಳ್ಳ, ಅದರ ಮೇಲೆ ಒಂದು ಮಡಿಕೆ ಉಳಿದಿರುತ್ತದೆ. ಟೇಪು ಹಳ್ಳದಲ್ಲಿ ಕೂತರೆ ಒಂದು ಅಂಕಿ, ಮಡಿಕೆಯ ಮೇಲೆ ಕೂತರೆ ಬೇರೆ ಅಂಕಿ. ಮಧ್ಯಬಿಂದುವಿನ ಕ್ರಮ ಇಲ್ಲಿ ಅನುಕೂಲ. ಸೆರಗು ಸರಿಸಿದರೆ ಬರಿಮೈ ಸಿಗುತ್ತದೆ, ಲಾಡಿ ಬಿಚ್ಚಿಸಿ ಮುಜುಗರಪಡಿಸಬೇಕಿಲ್ಲ. ಆದರೂ ಲಾಡಿಯನ್ನು ಒಂದಿಷ್ಟು ಸಡಿಲಿಸಿಕೊಳ್ಳಿ ಎಂದು ಹೇಳಲೇಬೇಕು. ಕೆಳಗೆ ಬಿಗಿದದ್ದು ಮೇಲಕ್ಕೆ ಉಬ್ಬಿಸುತ್ತದೆ.

ಬಟ್ಟೆಯ ಮೇಲೆ ಅಳೆದರೆ ಎಷ್ಟು ತಪ್ಪಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಶಾಲೆಯ ಗಣಿತ ಸಾಕು. ವೃತ್ತದ ಸುತ್ತಳತೆ ತ್ರಿಜ್ಯದ 2π ಪಟ್ಟು. ಮೈಗೂ ಟೇಪಿಗೂ ನಡುವೆ ಬಟ್ಟೆ ಸೇರಿದರೆ ತ್ರಿಜ್ಯ ಬಟ್ಟೆಯ ದಪ್ಪದಷ್ಟು ಹೆಚ್ಚುತ್ತದೆ, ಸುತ್ತಳತೆ ಅದರ ಆರೂಕಾಲು ಪಟ್ಟಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬನಿಯನ್ನು, ಅಂಗಿ, ಅಂಗಿಯ ನೆರಿಗೆ ಎಲ್ಲ ಸೇರಿ ಎರಡು ಮಿಲಿಮೀಟರ್ ಎಂದಿಟ್ಟುಕೊಂಡರೂ ಸುತ್ತಳತೆಗೆ ಸುಮಾರು 1.3 ಸೆಂಟಿಮೀಟರ್ ಸೇರುತ್ತದೆ. ಸೊಂಟ ಸಣ್ಣದಿರಲಿ ದೊಡ್ಡದಿರಲಿ, ಸೇರುವುದು ಅಷ್ಟೇ. ಭಾವನನ್ನು ಶಿಬಿರದಲ್ಲಿ ಅಳೆದದ್ದು ಅಂಗಿಯ ಮೇಲೆ.

ಟೇಪು ಓರೆಯಾದರೆ ಲೆಕ್ಕ ಇಷ್ಟು ನೇರವಲ್ಲ. ಒಬ್ಬರೇ ಅಳೆಯುವಾಗ ಬೆನ್ನಿನ ಕಡೆ ಟೇಪು ಎಲ್ಲಿದೆ ಎಂದು ಕಾಣುವುದಿಲ್ಲ, ಸಾಮಾನ್ಯವಾಗಿ ಹಿಂದೆ ಮೇಲೇರಿ ಮುಂದೆ ಇಳಿದಿರುತ್ತದೆ. 90 ಸೆಂಟಿಮೀಟರ್ ಸುತ್ತಳತೆಯ ಡಬ್ಬಕ್ಕೆ ಹೀಗೆ ಮುಂದೆ ಹಿಂದೆ ಐದು ಸೆಂಟಿಮೀಟರ್ ಓರೆಯಾಗಿ ಟೇಪು ಸುತ್ತಿದರೆ, ಅಂಡಾಕಾರದ ದಾರಿ ಹಿಡಿಯುವುದರಿಂದ ಸುಮಾರು ಮುಕ್ಕಾಲು ಸೆಂಟಿಮೀಟರ್ ಹೆಚ್ಚು ಬರುತ್ತದೆ. ಮನುಷ್ಯ ಡಬ್ಬವಲ್ಲ. ಮುಂದೆ ಇಳಿದ ಟೇಪು ಹೊಟ್ಟೆಯ ಉಬ್ಬನ್ನು ತಪ್ಪಿಸಿ ಅದರ ಕೆಳಗೆ ಸೇರಿಬಿಟ್ಟರೆ ಅಂಕಿ ಹೆಚ್ಚುವ ಬದಲು ಇಳಿಯುತ್ತದೆ. ಎತ್ತ ತಪ್ಪಿದೆ ಎಂದು ಮೊದಲೇ ಹೇಳಲಾಗದು, ಹಾಗಾಗಿ ಆಮೇಲೆ ಕೂಡಿಸಿ ಕಳೆದು ಸರಿಪಡಿಸಲೂ ಆಗದು. ಭಾವನಿಗೆ ಬೆಳಿಗ್ಗೆ 90 ಬಂದದ್ದು ಹೀಗೇ. ಅಕ್ಕ ಹಿಂದೆ ನಿಂತು ಟೇಪನ್ನು ನೆಲಕ್ಕೆ ಸಮನಾಗಿ ಹಿಡಿದು ಮತ್ತೆ ಅಳೆದಾಗ 91 ಬಂತು. ಕನ್ನಡಿಯ ಮುಂದೆ ಓರೆಯಾಗಿ ನಿಂತು ನೋಡಿಕೊಂಡರೂ ಸಾಕು, ಟೇಪು ವಾಲಿದ್ದು ಕಾಣುತ್ತದೆ.

ಟೇಪನ್ನೂ ಒಮ್ಮೆ ಅನುಮಾನಿಸಬೇಕು. ಹೊಲಿಗೆಯ ಹಳೆಯ ಬಟ್ಟೆಟೇಪು ವರ್ಷಗಟ್ಟಲೆ ಎಳೆದೆಳೆದು ಉದ್ದವಾಗಿರುತ್ತದೆ. ಉದ್ದವಾದ ಟೇಪು ಸುತ್ತಳತೆಯನ್ನು ಕಡಿಮೆ ತೋರಿಸುತ್ತದೆ. ನೂರಕ್ಕೆ ಒಂದು ಸೆಂಟಿಮೀಟರ್ ಹಿಗ್ಗಿದ್ದರೆ 90ರ ಸೊಂಟ 89ಕ್ಕೆ ಬಂದು ನಿಲ್ಲುತ್ತದೆ. ಉಕ್ಕಿನ ಸ್ಕೇಲಿನ ಪಕ್ಕ ಹಾಸಿ ನೋಡಿದರೆ ಗೊತ್ತಾಗುತ್ತದೆ. ಬಿಗಿ ಎಷ್ಟಿರಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 100 ಗ್ರಾಂ ಎಳೆತ ಎನ್ನುತ್ತದೆ. ಸಮೀಕ್ಷೆಗಳಲ್ಲಿ ಬಳಸುವ ಗುಲಿಕ್ ಟೇಪಿನ ತುದಿಯಲ್ಲಿ ಸಣ್ಣ ಸ್ಪ್ರಿಂಗು ಇರುತ್ತದೆ, ಎಳೆತ ಸರಿಯಾದಾಗ ಅದು ಗುರುತಿನವರೆಗೆ ಬರುತ್ತದೆ. ಮನೆಯಲ್ಲಿ ಅಷ್ಟು ಬೇಡ. ಟೇಪು ಸುತ್ತಲೂ ಚರ್ಮಕ್ಕೆ ತಾಗಿರಬೇಕು, ಎಲ್ಲೂ ಚರ್ಮ ಒಳಗೆ ಒತ್ತಿರಬಾರದು.

ಇನ್ನು ನಿಲ್ಲುವ ಭಂಗಿ. ಟೇಪು ಹಿಡಿದವರನ್ನು ಕಂಡ ಕೂಡಲೆ ಹೊಟ್ಟೆ ಒಳಗೆ ಹೋಗುವುದು ಮನುಷ್ಯಸ್ವಭಾವ. ಬೇಕೆಂದು ಎಳೆದುಕೊಂಡವರು ಐದಾರು ಸೆಂಟಿಮೀಟರನ್ನು ಸಲೀಸಾಗಿ ಅಡಗಿಸಬಲ್ಲರು. ಮದುವೆಯ ಫೋಟೋ ತೆಗೆಯುವಾಗ ನಾವೆಲ್ಲ ಮಾಡುವುದು ಅದೇ. ತಿಳಿಯದೆ ಎಳೆದುಕೊಳ್ಳುವವರದು ಇನ್ನೂ ಕಷ್ಟ. ಅದಕ್ಕೇ ಅಳತೆಯನ್ನು ಸಹಜವಾಗಿ ಉಸಿರು ಬಿಟ್ಟ ಕೊನೆಯ ಗಳಿಗೆಯಲ್ಲಿ ಓದಬೇಕೆಂಬ ನಿಯಮ. ಉಸಿರು ಎಳೆದಾಗ ವಪೆ ಕೆಳಗೆ ಇಳಿದು ಹೊಟ್ಟೆಯೊಳಗಿನದನ್ನು ಮುಂದಕ್ಕೆ ದೂಡುತ್ತದೆ, ಬಿಟ್ಟಾಗ ಎಲ್ಲ ಸ್ವಸ್ಥಾನಕ್ಕೆ ಬರುತ್ತದೆ. ಆದರೆ “ಉಸಿರು ಬಿಡಿ” ಎಂದರೆ ಜನ ಬಲವಾಗಿ ಊದಿಬಿಡುತ್ತಾರೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಅಂಕಿ ಮತ್ತೆ ಕಡಿಮೆ. ಊರು ಯಾವುದು, ಮಕ್ಕಳೆಷ್ಟು ಎಂದು ಮಾತಿಗೆ ಎಳೆದು, ಮಾತು ಮುಗಿದ ಕ್ಷಣದಲ್ಲಿ ಟೇಪು ಓದುವುದು ನನಗೆ ಅನುಕೂಲವೆನಿಸಿದೆ. ಮಾತಾಡುತ್ತಿರುವವನಿಗೆ ಹೊಟ್ಟೆ ಹಿಡಿದಿಡುವುದು ನೆನಪಿರುವುದಿಲ್ಲ.

ಪಾದಗಳು ಹತ್ತಿರ, ಎರಡೂ ಕಾಲಿನ ಮೇಲೆ ಸಮ ಭಾರ, ಕೈ ಪಕ್ಕದಲ್ಲಿ ಸಡಿಲ. ಇವೂ ಕಾಟಾಚಾರದ ಮಾತಲ್ಲ. ಕೈ ಮೇಲೆತ್ತಿದರೆ ಪಕ್ಕೆಲುಬಿನ ಗೂಡು ಮೇಲೇರಿ ಹೊಟ್ಟೆಯ ಗೋಡೆಯನ್ನು ಎಳೆಯುತ್ತದೆ, ಮಧ್ಯಬಿಂದುವೇ ಮೇಲೆ ಸರಿಯುತ್ತದೆ. ಒಂದು ಕಾಲಿಗೆ ಭಾರ ಬಿಟ್ಟು ನಿಂತರೆ ಸೊಂಟದ ಮೂಳೆ ಒಂದು ಕಡೆ ಏರಿ, ಎರಡೂ ಪಕ್ಕದಲ್ಲಿ ಮಾಡಿದ ಗುರುತುಗಳು ಹೊಂದುವುದಿಲ್ಲ. ಅಂಗಾತ ಮಲಗಿದರೆ ಹೊಟ್ಟೆ ಹಿಂದಕ್ಕೂ ಪಕ್ಕಕ್ಕೂ ಹರಡಿಕೊಂಡು ಸುತ್ತಳತೆ ಇಳಿಯುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಅಳೆದದ್ದನ್ನು ನಿಂತು ಅಳೆದದ್ದಕ್ಕೆ ಹೋಲಿಸುವಂತಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ಹೊಟ್ಟೆಯ ಸುತ್ತಳತೆ ಬೆಳಗಿನಿಂದ ಸಂಜೆಗೆ ನಿಧಾನವಾಗಿ ಏರುತ್ತದೆ, ಊಟವಾದ ಮೇಲೆ ಒಂದು ಜಿಗಿತ ಕಾಣುತ್ತದೆ, ರಾತ್ರಿ ಮಲಗಿದ ಮೇಲೆ ಇಳಿಯುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯರು ಹೊಟ್ಟೆಯುಬ್ಬರದ ರೋಗಿಗಳನ್ನೂ ಆರೋಗ್ಯವಂತರನ್ನೂ ಅಳೆಯಲೆಂದೇ, ಇಡೀ ದಿನ ಸುತ್ತಳತೆಯನ್ನು ದಾಖಲಿಸುವ ಪಟ್ಟಿಯೊಂದನ್ನು ರೂಪಿಸಿ 2001ರಲ್ಲಿ ವರದಿ ಮಾಡಿದರು. ಉಡುದಾರಕ್ಕೆ ವಿದ್ಯುತ್ ಕೊಟ್ಟಂತೆ. ಏರಿಕೆಗೆ ತಿಂದ ಅನ್ನ, ಕುಡಿದ ನೀರು, ಕರುಳಿನ ಗಾಳಿ ಮಾತ್ರವಲ್ಲ, ದಿನವಿಡೀ ಕೂತು ನಿಂತು ಸಡಿಲವಾಗುವ ಹೊಟ್ಟೆಯ ಗೋಡೆಯೂ ಕಾರಣ. ಭಾವನನ್ನು ಅಳೆದದ್ದು ಸಂಜೆ ಏಳಕ್ಕೆ. ಮಧ್ಯಾಹ್ನ ಮನೆಗೆ ನೆಂಟರು ಬಂದಿದ್ದರು, ಬಿರಿಯಾನಿಯಾಗಿತ್ತು. ಶಿಬಿರದ ಸಾಲಿನಲ್ಲಿ ನಿಂತಾಗ ಇರಾನಿ ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು.

ಈಗ ಭಾವನ ಲೆಕ್ಕ ಕಟ್ಟೋಣ. ಬೆಳಿಗ್ಗೆ ಶೌಚ ಮುಗಿಸಿ, ಬರಿಹೊಟ್ಟೆಯಲ್ಲಿ, ಬರಿಮೈಯಲ್ಲಿ, ಮಧ್ಯಬಿಂದುವಿನಲ್ಲಿ 91. ಅಂಗಿಗೆ 1.3. ಶಿಬಿರದವರು ಟೇಪನ್ನು ಬೆಲ್ಟಿನ ತುಸು ಮೇಲೆ, ಸೊಂಟದ ಮೂಳೆಗೆ ತಾಗಿಸಿ ಹಿಡಿದಿದ್ದರಂತೆ. ಅದೇ ಬೆಳಿಗ್ಗೆ ಅಲ್ಲಿ ಅಳೆದಾಗ 92, ಅಂದರೆ ಜಾಗಕ್ಕೆ 1. ಉಳಿದ 1.7 ಸಂಜೆಯದು, ಬಿರಿಯಾನಿಯದು. ಕೂಡಿಸಿದರೆ 95. ಲೆಕ್ಕ ಹೀಗೆ ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಸಂಜೆಯ ಪಾಲು ಉಳಿದದ್ದನ್ನು ಕಳೆದು ಬಂದದ್ದೇ ಹೊರತು ನಾನು ಅಳೆದದ್ದಲ್ಲ.

ಸರಿ, ಟೇಪಿನ ತಂಟೆಯೇ ಬೇಡ, ಯಂತ್ರವೇ ವಾಸಿ ಎಂದು ಭಾವ ಮುಂದಿನ ವಾರ ಕೊಬ್ಬಿನ ಶೇಕಡ ತೋರಿಸುವ ಗಾಜಿನ ತೂಕದ ಯಂತ್ರ ತಂದರು. ಬೆಳಿಗ್ಗೆ 24, ಸಂಜೆ 22. ಸೊಂಟ ಸಂಜೆಗೆ ಹೆಚ್ಚುತ್ತದೆ, ಕೊಬ್ಬು ಸಂಜೆಗೆ ಇಳಿಯುತ್ತದೆ. ಮತ್ತೆ ಫೋನು.

ಆ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಅಂಗಾಲಿನ ಲೋಹದ ಪಟ್ಟಿಗಳ ಮೂಲಕ ಮೈಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ತನ್ನು ಒಂದು ಕಾಲಿನಿಂದ ಹತ್ತಿಸಿ ಇನ್ನೊಂದು ಕಾಲಿನಿಂದ ಇಳಿಸುತ್ತದೆ, ದಾರಿಯಲ್ಲಿ ಎದುರಾದ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತದೆ. ನೀರು, ಉಪ್ಪು ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ. ತಡೆ, ಎತ್ತರ, ತೂಕ ಮೂರರಿಂದ ಮೈಯಲ್ಲಿ ನೀರೆಷ್ಟು ಎಂದು ಅಂದಾಜು ಮಾಡುತ್ತದೆ. ಕೊಬ್ಬಿಲ್ಲದ ಮೈಯಲ್ಲಿ ನೂರಕ್ಕೆ 73 ಪಾಲು ನೀರು ಎಂಬ ನಂಬಿಕೆಯಿಂದ ಕೊಬ್ಬಿಲ್ಲದ ತೂಕ ತೆಗೆಯುತ್ತದೆ. ಅದನ್ನು ಒಟ್ಟು ತೂಕದಿಂದ ಕಳೆದು ಮಿಕ್ಕಿದ್ದಕ್ಕೆಲ್ಲ ಕೊಬ್ಬು ಎಂದು ಹೆಸರಿಡುತ್ತದೆ. ಮಿಕ್ಕಿದ್ದೆಲ್ಲ ಎಂಬಲ್ಲಿ ಕಾಲು ಜಾರುತ್ತದೆ.

ಪ್ರತಿ ಕಂಪನಿಯ ಸೂತ್ರ ಅವರವರ ಗುಟ್ಟು. ಸಂಶೋಧನೆಯಲ್ಲಿ ಬಳಕೆಯಾದ ಸೂತ್ರವೊಂದು ಹೀಗಿದೆ. ಎತ್ತರ ಸೆಂಟಿಮೀಟರಿನಲ್ಲಿ, ತೂಕ ಕಿಲೋದಲ್ಲಿ, ತಡೆ ಓಮ್‌ನಲ್ಲಿ.

```
ನೀರು = 0.593 × (ಎತ್ತರ² ÷ ತಡೆ) + 0.065 × ತೂಕ + 0.04
ಕೊಬ್ಬು = ತೂಕ − (ನೀರು ÷ 0.73)
```

ಭಾವನ ಎತ್ತರ 170, ತೂಕ 70. ತಡೆ 500 ಎಂದಿಟ್ಟುಕೊಂಡರೆ ನೀರು ಸುಮಾರು 38.9 ಲೀಟರ್, ಕೊಬ್ಬಿಲ್ಲದ ಮೈ 53.2 ಕಿಲೋ, ಕೊಬ್ಬು 16.8 ಕಿಲೋ, ಶೇಕಡ 24. ಈಗ ತಡೆಯನ್ನು 500ರಿಂದ 485ಕ್ಕೆ ಇಳಿಸಿ ನೋಡಿ. ನೂರಕ್ಕೆ ಮೂರರಷ್ಟು ಇಳಿಕೆ, ಅಷ್ಟೇ. ಕೊಬ್ಬು 22 ಶೇಕಡಕ್ಕೆ ಇಳಿಯುತ್ತದೆ, ಒಂದೂವರೆ ಕಿಲೋ ಕೊಬ್ಬು ಗಾಳಿಯಲ್ಲಿ ಮಾಯ.

ತಡೆ ಸಂಜೆಗೆ ಇಳಿಯಲು ಕಾರಣ ಕಾಲುಗಳಲ್ಲಿದೆ. ಮೈಯ ತೂಕದ ಹೆಚ್ಚುಕಡಿಮೆ ಅರ್ಧ ಮುಂಡದಲ್ಲಿದ್ದರೂ ವಿದ್ಯುತ್ತಿಗೆ ತಡೆ ಒಡ್ಡುವುದು ಮುಖ್ಯವಾಗಿ ಕೈಕಾಲು. ಸಣ್ಣ ಕೊಳವೆಯಲ್ಲಿ ನೀರು ಹರಿಯಲು ಹೆಚ್ಚು ಕಷ್ಟವಾದ ಹಾಗೆ. ದಿನವಿಡೀ ನಿಂತು ಕೂತು ಮೈಯ ನೀರು ಕಾಲಿಗೆ ಇಳಿಯುತ್ತದೆ. ಸಂಜೆ ಕಾಲುಚೀಲದ ಗೆರೆ ಆಳವಾಗಿ ಮೂಡುವುದು ಅದಕ್ಕೇ. ಯಂತ್ರ ನೋಡುವ ದಾರಿಯಲ್ಲೇ ನೀರು ಹೆಚ್ಚಿದಾಗ ತಡೆ ಇಳಿಯುತ್ತದೆ, ಇವರಿಗೆ ಸ್ನಾಯು ಹೆಚ್ಚಿದೆ ಎಂದು ಯಂತ್ರ ತೀರ್ಮಾನಿಸುತ್ತದೆ. ರಾತ್ರಿ ಮಲಗಿದಾಗ ಆ ನೀರು ಹಿಂದಿರುಗುತ್ತದೆ, ಬೆಳಿಗ್ಗೆ ಎದ್ದ ಕೂಡಲೆ ತಡೆ ಹೆಚ್ಚು, ಕೊಬ್ಬೂ ಹೆಚ್ಚು. ಊಟವೂ ತಡೆಯನ್ನು ಇಳಿಸುತ್ತದೆ. 2001ರ ಸ್ವೀಡನ್ನಿನ ಅಧ್ಯಯನದಲ್ಲಿ 18 ಮಂದಿಗೆ ದಿನಕ್ಕೆ ಮೂರು ಸಲ ಒಂದೇ ಬಗೆಯ ಊಟ ಕೊಟ್ಟು ಮತ್ತೆ ಮತ್ತೆ ಅಳೆದರು. ಪ್ರತಿ ಊಟದ ನಂತರ ಎರಡರಿಂದ ನಾಲ್ಕು ಗಂಟೆ ತಡೆ ಇಳಿದಿತ್ತು, ಇಳಿಕೆ ಊಟದಿಂದ ಊಟಕ್ಕೆ ಸೇರುತ್ತಾ ಹೋಯಿತು. ಒಂದೇ ದಿನದಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಕೊಬ್ಬಿನ ಅಂಕಿಗಳ ನಡುವೆ ನೂರಕ್ಕೆ ಒಂಬತ್ತು ಹತ್ತರಷ್ಟು ಅಂತರ ಬಂತು.

ಕುಡಿದ ನೀರಿನದು ಇದಕ್ಕಿಂತ ತಮಾಷೆ. ಒಂದು ಲೀಟರ್ ನೀರು ಕುಡಿದು ತಕ್ಷಣ ಯಂತ್ರ ಹತ್ತಿದರೆ ತೂಕ 71 ಆಗುತ್ತದೆ, ಆದರೆ ಹೊಟ್ಟೆಯ ಚೀಲದಲ್ಲಿರುವ ನೀರು ವಿದ್ಯುತ್ತಿನ ದಾರಿಯಲ್ಲಿಲ್ಲ, ತಡೆ 500 ಹಾಗೇ ಇರುತ್ತದೆ. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ: ಕೊಬ್ಬು 16.8ರಿಂದ ಸುಮಾರು 17.7 ಕಿಲೋಗೆ ಏರುತ್ತದೆ. ಕುಡಿದ ನೀರಿನ ಹತ್ತರಲ್ಲಿ ಒಂಬತ್ತು ಪಾಲು ಕೊಬ್ಬಿನ ಖಾತೆಗೆ ಜಮಾ. ಅದೇ ನೀರು ಕುಡಿದು ಎಕ್ಸ್‌ರೇ ಬಳಸುವ ಡೆಕ್ಸಾ ಯಂತ್ರದ ಮೇಲೆ ಮಲಗಿದರೆ, ಅದು ನೀರನ್ನು ಕೊಬ್ಬಿಲ್ಲದ ಮೈಯ ಖಾತೆಗೆ ಹಾಕುತ್ತದೆ. ಒಂದು ಲೀಟರ್ ನೀರು ಒಂದು ಯಂತ್ರಕ್ಕೆ ಕೊಬ್ಬು, ಇನ್ನೊಂದಕ್ಕೆ ಸ್ನಾಯು.

ಭಂಗಿ ಇಲ್ಲೂ ಬಿಡುವುದಿಲ್ಲ. ತೊಡೆಗಳು ಒಂದಕ್ಕೊಂದು ತಾಗಿದ್ದರೆ ವಿದ್ಯುತ್ತು ಮೇಲಿನವರೆಗೆ ಹೋಗದೆ ಒಳದಾರಿ ಹಿಡಿದು ದಾಟಿಬಿಡುತ್ತದೆ, ತಡೆ ಕಡಿಮೆ ಬರುತ್ತದೆ. ಹಾಗಾಗಿ ದಪ್ಪಗಿರುವವರಿಗೇ ಕೊಬ್ಬು ಕಡಿಮೆ ತೋರಿಸುವ ಅಪಾಯ ಹೆಚ್ಚು. ಕಾಲು ತುಸು ಅಗಲಿಸಿ ನಿಲ್ಲಬೇಕು. ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ಹೊರಗಿನಿಂದ ಬಂದವರ ಚರ್ಮಕ್ಕೆ ರಕ್ತ ಹೆಚ್ಚು ಹರಿಯುತ್ತಿರುತ್ತದೆ, ತಡೆ ಇಳಿಯುತ್ತದೆ. ಏಸಿ ಕೋಣೆಯಲ್ಲಿ ತಣ್ಣಗಾದವರಿಗೆ ಏರುತ್ತದೆ. ಒಣಗಿ ಬಿರುಕು ಬಿಟ್ಟ ಹಿಮ್ಮಡಿ ಲೋಹದ ಪಟ್ಟಿಗೆ ಸರಿಯಾಗಿ ತಾಗದಿದ್ದರೂ ಅಂಕಿ ಕೆಡುತ್ತದೆ. ಯಂತ್ರ ಕೆಟ್ಟಿಲ್ಲ ಎಂದು ತಿಳಿಯಲು ಸುಲಭ ದಾರಿಯಿದೆ. ಇಳಿದು ಹತ್ತಿ ಮೂರು ಸಲ ಬೆನ್ನು ಬೆನ್ನಿಗೆ ಅಳೆಯಿರಿ. ಮೂರೂ ಒಂದೇ ಬಂದರೆ ಯಂತ್ರ ಸರಿಯಿದೆ, ಬೆಳಿಗ್ಗೆ ಸಂಜೆಯ ಅಂತರ ನಿಮ್ಮ ಮೈನೀರಿನದು.

ಟೇಪಿನಿಂದಲೇ ಕೊಬ್ಬಿನ ಶೇಕಡ ಹೇಳುವ ಸೂತ್ರಗಳೂ ಇವೆ. ಮೊಬೈಲ್ ಆ್ಯಪುಗಳಲ್ಲಿ ಕಾಣುವುದು ಹೆಚ್ಚಾಗಿ ಅಮೆರಿಕದ ನೌಕಾಪಡೆಗಾಗಿ 1984ರಲ್ಲಿ ಹಾಜ್‌ಡನ್ ಮತ್ತು ಬೆಕೆಟ್ ರೂಪಿಸಿದ್ದು. ಗಂಡಸರಿಗೆ ಎತ್ತರ, ಕತ್ತು ಮತ್ತು ಹೊಕ್ಕುಳದ ಮಟ್ಟದ ಸುತ್ತಳತೆ ಸಾಕು. 170 ಎತ್ತರ, 38ರ ಕತ್ತು ಇರುವವರಿಗೆ ಹೊಟ್ಟೆ 92 ಆದರೆ ಸುಮಾರು 23 ಶೇಕಡ, 95 ಆದರೆ 25. ಅಂದರೆ ಒಂದು ಸಂಜೆಯ ಊಟ ಮತ್ತು ಒಂದು ಅಂಗಿ ಸೇರಿ ಎರಡು ಶೇಕಡ ಕೊಬ್ಬು. ಆ ಸೂತ್ರಕ್ಕೆ ಹೊಕ್ಕುಳದ ಅಳತೆಯನ್ನೇ ಕೊಡಬೇಕು, ಮಧ್ಯಬಿಂದುವಿನದನ್ನಲ್ಲ. ಹೆಂಗಸರ ಸೂತ್ರದಲ್ಲಿ ಬೇಕಾದದ್ದು ನಡು ಸಣ್ಣಗಿರುವ ಜಾಗ ಮತ್ತು ಪೃಷ್ಠದ ಸುತ್ತಳತೆ. ಆ್ಯಪು ಇದನ್ನೆಲ್ಲ ಕೇಳುವುದಿಲ್ಲ, ಸೊಂಟ ಎಷ್ಟು ಎಂದಷ್ಟೇ ಕೇಳುತ್ತದೆ.

ಭಾವನ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಶುರುಮಾಡಿದ ಸಣ್ಣ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಹೈದರಾಬಾದಿನ ಸುತ್ತಲ 29 ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ನಡೆದ ಪೌಷ್ಟಿಕ ಆಹಾರದ ಅಧ್ಯಯನದಲ್ಲಿ ಹುಟ್ಟಿದ ಮಕ್ಕಳನ್ನು, ಅವರು ದೊಡ್ಡವರಾದ ಮೇಲೆ ಹುಡುಕಿ ಮತ್ತೆ ಅಳೆಯಲಾಯಿತು. ಟೇಪಿನಿಂದಲೂ, ಈ ಸಂಸ್ಥೆಯ ಡೆಕ್ಸಾ ಯಂತ್ರದಿಂದಲೂ. ಇಂಥ ಕೆಲಸದಲ್ಲಿ ಅಳೆಯುವವರಿಗೆ ಮೊದಲು ತರಬೇತಿ, ಆಮೇಲೆ ಪರೀಕ್ಷೆ: ಅದೇ ವ್ಯಕ್ತಿಯನ್ನು ಎರಡು ಸಲ ಅಳೆಯುವುದು, ಎರಡರ ಅಂತರದಿಂದ ಅಳೆಯುವವರ ಕೈಯ ತಪ್ಪು ಎಷ್ಟು ಎಂದು ಲೆಕ್ಕ ಹಾಕುವುದು. ಆ ಲೆಕ್ಕ ಮನೆಯಲ್ಲೂ ಆಗುತ್ತದೆ.

ಭಾವ ಮಾಡಿದ್ದು ಅದನ್ನೇ. ಐದು ದಿನ, ಬೆಳಿಗ್ಗೆ ಆರೂವರೆಗೆ, ಶೌಚವಾದ ಮೇಲೆ, ಚಹಾಕ್ಕೆ ಮುಂಚೆ. ಅಕ್ಕ ಎರಡೂ ಪಕ್ಕದಲ್ಲಿ ಪಕ್ಕೆಲುಬಿನ ಅಂಚು, ಸೊಂಟದ ಮೂಳೆಯ ಅಂಚು ಬೆರಳಿನಿಂದ ತಡವಿ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ, ನಡುವೆ ಮೂರನೆಯ ಗುರುತು ಮಾಡುತ್ತಿದ್ದಳು. ಒಮ್ಮೆ ಅಳೆದು, ಟೇಪು ತೆಗೆದು, ಇನ್ನೊಮ್ಮೆ. ಎರಡರ ಅಂತರ ಒಂದು ಸೆಂಟಿಮೀಟರಿಗಿಂತ ಹೆಚ್ಚಾದರೆ ಆ ಜೋಡಿಯನ್ನು ಬಿಟ್ಟು ಮತ್ತೆ. ಐದು ದಿನದ ಅಂತರಗಳು 0.4, 0.8, 0.2, 1.0, 0.6. ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡಿಸಿದರೆ 2.2. ಅಳತೆಗಳ ಸಂಖ್ಯೆ 10ರಿಂದ ಭಾಗಿಸಿದರೆ 0.22, ವರ್ಗಮೂಲ 0.47. ಇದು ಅಕ್ಕನ ಕೈಯ ತಪ್ಪು, ಅರ್ಧ ಸೆಂಟಿಮೀಟರಿಗೂ ಕಡಿಮೆ. ಕೆಟ್ಟ ಕೈಯೇನಲ್ಲ. ಇದನ್ನು 2.77ರಿಂದ ಗುಣಿಸಿದರೆ 1.3. ಒಂದೊಂದೇ ಸಲ ಅಳೆದ ಎರಡು ಅಂಕಿಗಳ ನಡುವೆ 1.3 ಸೆಂಟಿಮೀಟರಿಗಿಂತ ಕಡಿಮೆ ಅಂತರ ಬಂದರೆ ಅದು ಹೊಟ್ಟೆಯದೋ ಟೇಪಿನದೋ ಹೇಳಲಾಗದು. ದಿನದಿಂದ ದಿನಕ್ಕೆ ಹೊಟ್ಟೆಯೊಳಗಿನ ಏರುಪೇರು ಇದರ ಮೇಲೆ ಬೇರೆ.

“ಹಂಗಾದ್ರ ವಾರಕ್ಕೊಮ್ಮಿ ಅಳೀಬ್ಯಾಡ ಅಂತೀ?” ಎಂದರು ಭಾವ.

ಅಳೆಯಿರಿ, ಆದರೆ ಒಂದು ವಾರದ ಅಂಕಿಯನ್ನು ಮುಂದಿನ ವಾರದ್ದಕ್ಕೆ ಹೋಲಿಸಬೇಡಿ, ಒಂದು ತಿಂಗಳ ಸರಾಸರಿಯನ್ನು ಮೂರನೆಯ ತಿಂಗಳ ಸರಾಸರಿಗೆ ಹೋಲಿಸಿ ಎಂದೆ. ಕೊಬ್ಬಿನ ಯಂತ್ರಕ್ಕೂ ಅದೇ ಮಾತು. ಅದು ತೋರಿಸುವ 24 ಎಂಬ ಅಂಕಿಯ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಅದೇ ಹೊತ್ತಿನಲ್ಲಿ ತಿಂಗಳುಗಟ್ಟಲೆ ಹತ್ತಿ ಇಳಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬಷ್ಟನ್ನು ನಂಬಬಹುದು.

ಅಷ್ಟಾಗಿ ಭಾವನ 91 ಗೆರೆಯ ಆಚೆಯೇ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮವರಿಗೆ ಗೆರೆಯನ್ನು ಅಮೆರಿಕದ 102ರಿಂದ ಅಷ್ಟು ಕೆಳಗೆ 90ಕ್ಕೆ ಹಾಕಿರುವುದಕ್ಕೆ ಕಾರಣವಿದೆ. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯಡ್‌ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಡೆಕ್ಸಾದಲ್ಲಿ ಯಡ್‌ಕಿನ್ನರ ಕೊಬ್ಬು 9.1 ಶೇಕಡ, ಯಾಜ್ಞಿಕರದು 21.2. ನಮ್ಮಲ್ಲಿ ತಕ್ಕಡಿ ಅಡಗಿಸುವುದನ್ನು ಟೇಪು ಹೊರಗೆಡಹುತ್ತದೆ. ಆದ್ದರಿಂದಲೇ ಆ ಟೇಪನ್ನು ಸರಿಯಾಗಿ ಹಿಡಿಯಿರಿ ಎಂದು ಇಷ್ಟು ಹಟ.

ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ನಿಮ್ಮ ಕಾರ್ಡಿನಲ್ಲಿ ಸೊಂಟದ ಸುತ್ತಳತೆ ಎಂಬ ಖಾನೆಯ ಪಕ್ಕ ಇನ್ನು ಮೂರು ಸಣ್ಣ ಖಾನೆ ಅಚ್ಚು ಹಾಕಿಸಿ: ಯಾವ ಜಾಗದಲ್ಲಿ ಅಳೆದದ್ದು, ಎಷ್ಟು ಗಂಟೆಗೆ, ಬಟ್ಟೆಯ ಮೇಲೋ ಬರಿಮೈಯಲ್ಲೋ. ಕೆಂಪು ಶಾಯಿಯ ಪೆನ್ನನ್ನು ಆ ಮೂರೂ ತುಂಬಿದ ಮೇಲೆ ಕೈಗೆತ್ತಿಕೊಳ್ಳಿ.